ಮೆಕ್ಯಾನಿಕಲ್‌ನಿಂದ ಫೈನಾನ್ಸ್‌ಗೆ: ಇಂಟರ್ನ್‌ಶಿಪ್‌ನ ಯಾವ ಸಾಲನ್ನು ಬ್ಯಾಂಕಿನವರು ನಂಬುತ್ತಾರೆ?

ಪ್ರಶ್ನೆ: ಬಿ.ಇ. ಮೆಕ್ಯಾನಿಕಲ್ ಮುಗಿಸಿ ಈಗ ಎಂ.ಬಿ.ಎ. ಫೈನಾನ್ಸ್ ಕೊನೆಯ ವರ್ಷದಲ್ಲಿದ್ದೇನೆ. ಪೀಣ್ಯದ ಸಣ್ಣ ಬಿಡಿಭಾಗ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ 8 ವಾರ ಇಂಟರ್ನ್‌ಶಿಪ್ ಮಾಡಿದೆ. ಬ್ಯಾಂಕಿನ ಕ್ರೆಡಿಟ್ ಹುದ್ದೆಗೆ ಅರ್ಜಿ ಹಾಕುವಾಗ ಎಂಜಿನಿಯರಿಂಗ್ ಓದಿದ್ದನ್ನು ಹೇಗೆ ತೋರಿಸಲಿ? ಕಂಪನಿ ಚಿಕ್ಕದು ಎಂಬ ಅಳುಕೂ ಇದೆ.

ಇದೇ ಪ್ರಶ್ನೆ ಪ್ರತಿ ಪ್ಲೇಸ್‌ಮೆಂಟ್ ಕಾಲಕ್ಕೂ ಬರುತ್ತದೆ. ಜೊತೆಗೆ ಬರುವ ರೆಸ್ಯೂಮೆಗಳಲ್ಲಿ ‘ವರ್ಕಿಂಗ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅಧ್ಯಯನ ಮಾಡಿದೆ’, ‘ವಿಶ್ಲೇಷಣಾ ಕೌಶಲವಿದೆ’ ಎಂಬ ಎರಡು ಸಾಲು ತಪ್ಪದೆ ಇರುತ್ತವೆ. ಎರಡನ್ನೂ ಅಳಿಸಿಬಿಡಿ. ಓದಿದವರಿಗೆ ಅವುಗಳಿಂದ ನೀವು ಏನು ಮಾಡಿದಿರಿ ಎಂಬುದು ಗೊತ್ತಾಗುವುದಿಲ್ಲ.

ಕಂಪನಿ ಚಿಕ್ಕದಾಗಿದ್ದುದು ನಿಮಗೆ ಅನುಕೂಲವೇ. ದೊಡ್ಡ ಕಂಪನಿಯಲ್ಲಿ ಇಂಟರ್ನ್ ಕೈಗೆ ಪಿ.ಪಿ.ಟಿ. ಮಾಡುವ ಕೆಲಸ ಬರುತ್ತದೆ. ಸಣ್ಣ ಕಾರ್ಖಾನೆಯಲ್ಲಿ ಟ್ಯಾಲಿಯ ಲೆಡ್ಜರ್, ಬ್ಯಾಂಕಿಗೆ ತಿಂಗಳಿಗೊಮ್ಮೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್, ಗಿರಾಕಿ ಹಿಡಿದಿಟ್ಟ ಬಿಲ್ಲು ಎಲ್ಲವೂ ಒಂದೇ ಮೇಜಿನ ಮೇಲಿರುತ್ತವೆ. ಕ್ರೆಡಿಟ್ ವಿಭಾಗದವರು ದಿನವೂ ನೋಡುವುದು ಅವನ್ನೇ.

ಹಾಗಾಗಿ ಇಡೀ ಇಂಟರ್ನ್‌ಶಿಪ್ಪಿನಿಂದ ಒಂದೇ ಕೆಲಸ ಆರಿಸಿಕೊಳ್ಳಿ. ನಿಮ್ಮ ವಿಷಯಕ್ಕೆ ನಾನು ಆರಿಸುವುದು ಗಿರಾಕಿಗಳಿಂದ ಬರಬೇಕಾದ ಬಾಕಿ. ಅಂಕಿಗಳನ್ನು ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ವರ್ಷದ ಮಾರಾಟ 7.30 ಕೋಟಿ ರೂಪಾಯಿ, ಅಂದರೆ ದಿನಕ್ಕೆ 2 ಲಕ್ಷ. ಮಾರ್ಚ್ 31ಕ್ಕೆ ಬರಬೇಕಾದ ಬಾಕಿ 1.80 ಕೋಟಿ. ಭಾಗಿಸಿದರೆ 90 ದಿನ, ಅಂದರೆ ಮಾರಿದ ಹಣ ಕೈಸೇರಲು ಸರಾಸರಿ ಅಷ್ಟು ದಿನ. ಬಹಳಷ್ಟು ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲಿಸುತ್ತಾರೆ, ಸಂದರ್ಶನದಲ್ಲಿ ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಲಾಭ-ನಷ್ಟ ಪತ್ರದ ಮಾರಾಟದಲ್ಲಿ ಜಿ.ಎಸ್.ಟಿ. ಸೇರಿರುವುದಿಲ್ಲ, ಗಿರಾಕಿಯ ಬಾಕಿಯಲ್ಲಿ ಸೇರಿರುತ್ತದೆ. ಶೇ 18ರ ತೆರಿಗೆ ತೆಗೆದರೆ ಬಾಕಿ ಸುಮಾರು 1.53 ಕೋಟಿಗೆ ಇಳಿಯುತ್ತದೆ, ದಿನ 76ಕ್ಕೆ. ಎರಡು ವಾರದ ವ್ಯತ್ಯಾಸ! ಮಾರ್ಚ್‌ನಲ್ಲಿ ಮಾರಾಟ ಒತ್ತಿ ತಳ್ಳುವ ರೂಢಿ ಆ ಕಾರ್ಖಾನೆಯಲ್ಲಿದ್ದರೆ ವರ್ಷಾಂತ್ಯದ ಒಂದು ದಿನದ ಬಾಕಿಯೂ ದಾರಿ ತಪ್ಪಿಸುತ್ತದೆ. ಹನ್ನೆರಡು ತಿಂಗಳ ಕೊನೆಯ ಬಾಕಿಗಳ ಸರಾಸರಿ ತೆಗೆದುಕೊಂಡಿದ್ದರೆ ಹಾಗೆಂದು ಹೇಳಿ. ತೆಗೆದುಕೊಳ್ಳದಿದ್ದರೆ ಅದನ್ನೂ ಹೇಳಿ.

ಇಷ್ಟನ್ನು ಬಿ.ಕಾಂ. ಓದಿದವರೂ ಮಾಡಬಲ್ಲರು. ನಿಮ್ಮ ಎಂಜಿನಿಯರಿಂಗ್ ಕೆಲಸಕ್ಕೆ ಬರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಟ್ಯಾಲಿಯಿಂದ ಬಿಲ್‌ವಾರು ಬಾಕಿ ಪಟ್ಟಿ ತೆಗೆದು, 90 ದಿನ ದಾಟಿದ ಬಿಲ್ಲುಗಳನ್ನು ಬೇರೆ ಮಾಡಿ. ಅವು 52 ಲಕ್ಷ ಇವೆ ಎಂದುಕೊಳ್ಳಿ. ಈಗ ಒಂದೊಂದು ಬಿಲ್ಲನ್ನೂ ಡೆಲಿವರಿ ಚಲನ್, ಗಿರಾಕಿಯ ಸರಕು ಸ್ವೀಕೃತಿ, ಇನ್‌ಸ್ಪೆಕ್ಷನ್ ರಿಪೋರ್ಟ್ ಪಕ್ಕದಲ್ಲಿಟ್ಟು, ಹಣ ಏಕೆ ನಿಂತಿದೆ ಎಂದು ಬರೆಯಿರಿ. 500 ಪೀಸಿಗೆ ಬಿಲ್ ಆಗಿದೆ, ಗಿರಾಕಿ 460 ಒಪ್ಪಿ 40ನ್ನು ರಿಜೆಕ್ಟ್ ಮಾಡಿದ್ದಾನೆ, ಆ 40ರ ಮೊತ್ತವನ್ನು ಬಿಲ್ಲಿನಿಂದ ಕಳೆಯುವ ಕ್ರೆಡಿಟ್ ನೋಟ್ ಹೋಗಿಲ್ಲ. ಆ 40 ಪೀಸು ಇತ್ಯರ್ಥವಾಗುವವರೆಗೆ ಇಡೀ ಬಿಲ್ ನಿಲ್ಲುತ್ತದೆ. ಇನ್ನೊಂದರಲ್ಲಿ ಹೀಟ್ ಟ್ರೀಟ್‌ಮೆಂಟ್ ಪ್ರಮಾಣಪತ್ರ ಲಗತ್ತಿಸಿಲ್ಲ. ಮತ್ತೊಂದರಲ್ಲಿ ಡ್ರಾಯಿಂಗ್‌ನ ಪರಿಷ್ಕರಣೆ ಸಂಖ್ಯೆ ಬೇರೆಯಾಗಿದೆ. ಇವನ್ನು ಓದಿ ಅರ್ಥಮಾಡಿಕೊಳ್ಳಲು ಶಾಪ್ ಫ್ಲೋರ್ ಗೊತ್ತಿರಬೇಕು. ಹೀಗೆ ವಿಂಗಡಿಸಿದಾಗ 52ರಲ್ಲಿ 31 ಲಕ್ಷ ಗುಣಮಟ್ಟ ಮತ್ತು ಕಾಗದಪತ್ರದ ಕಾರಣಕ್ಕೆ ನಿಂತಿದೆ, ಗಿರಾಕಿಯ ಬಳಿ ಹಣವಿಲ್ಲದ್ದಕ್ಕಲ್ಲ ಎಂದು ತೋರಿದರೆ, ಸಾಲ ಕೊಡುವವನಿಗೆ ಬೇಕಾದ ಮಾತು ಅದೇ. ದುಡ್ಡಿಲ್ಲದ ಗಿರಾಕಿಯೂ ಜಗಳದಲ್ಲಿರುವ ಬಿಲ್ಲೂ ಬೇರೆ ಬೇರೆ ಅಪಾಯ.

ಇದನ್ನು ಬ್ಯಾಂಕಿನ ಭಾಷೆಗೆ ತನ್ನಿ. ಕ್ಯಾಶ್ ಕ್ರೆಡಿಟ್‌ನ ಡ್ರಾಯಿಂಗ್ ಪವರ್, ಅಂದರೆ ಸ್ಟಾಕ್ ಮತ್ತು ಬಾಕಿಯ ಆಧಾರದ ಮೇಲೆ ಆ ಹೊತ್ತಿಗೆ ತೆಗೆಯಬಹುದಾದ ಸಾಲದ ಮೊತ್ತ, ಲೆಕ್ಕ ಹಾಕುವಾಗ ಬ್ಯಾಂಕುಗಳು ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬಿಟ್ಟುಬಿಡುತ್ತವೆ. ಉಳಿದದ್ದರಲ್ಲೂ ಒಂದು ಪಾಲನ್ನು ಮಾರ್ಜಿನ್ ಎಂದು ಕಳೆಯುತ್ತವೆ. ಮಾರ್ಜಿನ್ ಶೇ 25 ಆಗಿದ್ದರೆ, ಆ 31 ಲಕ್ಷದ ಬಿಲ್ಲುಗಳು 90 ದಿನದೊಳಗಿದ್ದಾಗ ಸುಮಾರು 23 ಲಕ್ಷದ ಡ್ರಾಯಿಂಗ್ ಪವರ್ ಕೊಡುತ್ತಿದ್ದವು. ಮಂಜೂರಾದ ಮಿತಿಯನ್ನು ಡ್ರಾಯಿಂಗ್ ಪವರ್ ಆಗಲೇ ಮುಟ್ಟಿದ್ದರೆ ಈ 23 ಲಕ್ಷದಿಂದ ಪ್ರಯೋಜನವಿಲ್ಲ. ಸ್ಯಾಂಕ್ಷನ್ ಪತ್ರ ನೋಡಿದ್ದರೆ ಮಾತ್ರ ಈ ಅಂಕಿ ಬಾಯಿಗೆ ತನ್ನಿ.

ಈಗ ರೆಸ್ಯೂಮೆಗೆ ಬರೆಯಿರಿ: ‘ವಾಹನ ಬಿಡಿಭಾಗ ಘಟಕದಲ್ಲಿ 90 ದಿನ ದಾಟಿದ ₹52 ಲಕ್ಷ ಬಾಕಿಯನ್ನು ಬಿಲ್‌ವಾರು ಪರಿಶೀಲಿಸಿದೆ, ₹31 ಲಕ್ಷ ರಿಜೆಕ್ಷನ್ ಮತ್ತು ದಾಖಲೆ ಕೊರತೆಯಿಂದ ನಿಂತಿದ್ದನ್ನು ಗುರುತಿಸಿದೆ, ರವಾನೆಗೆ ಮುನ್ನ ದಾಖಲೆ ಪರಿಶೀಲಿಸುವ ಪಟ್ಟಿಯನ್ನು ಸೂಚಿಸಿದೆ.’ ಕ್ರಿಯಾಪದಗಳನ್ನು ಗಮನಿಸಿ. ಪರಿಶೀಲಿಸಿದೆ, ಗುರುತಿಸಿದೆ, ಸೂಚಿಸಿದೆ. ಅನೇಕರು ಕೊನೆಗೆ ‘₹31 ಲಕ್ಷ ವಸೂಲು ಮಾಡಿದೆ’ ಎಂದು ಬರೆಯುತ್ತಾರೆ. ಎಂಟು ವಾರದ ಇಂಟರ್ನ್ ಅಷ್ಟು ವಸೂಲು ಮಾಡಿದ ಎಂದರೆ ಯಾರೂ ನಂಬುವುದಿಲ್ಲ. ‘ಯಾವ ಗಿರಾಕಿ ಮೊದಲು ಕೊಟ್ಟ, ಎಷ್ಟು ಕೊಟ್ಟ?’ ಎಂಬ ಮೊದಲ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ, ಆಮೇಲೆ ನಿಜವಾಗಿ ಮಾಡಿದ್ದನ್ನೂ ಅವರು ಅನುಮಾನಿಸುತ್ತಾರೆ. ಗಿರಾಕಿಗಳ ಹೆಸರು ಮಾತ್ರ ಎಲ್ಲಿಯೂ ಬೇಡ. ಒಂದು ಕಂಪನಿಯ ಲೆಕ್ಕ ಹೊರಗೆ ಹೇಳುವವನಿಗೆ ಇನ್ನೊಬ್ಬರು ತಮ್ಮ ಲೆಕ್ಕ ತೋರಿಸುವುದಿಲ್ಲ.

‘ಎಂಜಿನಿಯರಿಂಗ್ ಏಕೆ ಬಿಟ್ಟಿರಿ?’ ಎಂದು ಖಂಡಿತ ಕೇಳುತ್ತಾರೆ. ‘ಆಸಕ್ತಿ ಇರಲಿಲ್ಲ, ಮನೆಯವರು ಸೇರಿಸಿದರು’ ಎನ್ನಬೇಡಿ. ನಾಲ್ಕು ವರ್ಷ ಒಲ್ಲದ ಮನಸ್ಸಿನಿಂದ ಓದಿದೆ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ. ‘ಕಾರ್ಖಾನೆಯೊಳಗೆ ಏನು ನಡೆಯುತ್ತದೆಂದು ಓದಿದ್ದೇನೆ. ಅದು ಬಾಕಿಯಾಗಿ, ಸ್ಟಾಕಾಗಿ ಲೆಕ್ಕದಲ್ಲಿ ಹೇಗೆ ಕಾಣುತ್ತದೆಂದು ಈ ಎಂಟು ವಾರದಲ್ಲಿ ನೋಡಿದೆ. ಉತ್ಪಾದನಾ ಘಟಕಗಳಿಗೆ ಸಾಲ ಕೊಡುವ ವಿಭಾಗದಲ್ಲಿ ಎರಡೂ ಬೇಕಾಗುತ್ತವೆ’ ಎಂದರೆ ಸಾಕು. ಇಷ್ಟು ಹೇಳಿ ನಿಲ್ಲಿಸಿ, ಅವರು ಮುಂದಿನ ಪ್ರಶ್ನೆ ಕೇಳಲಿ.

ಪ್ರಶ್ನೆ: ಇಂಟರ್ನ್‌ಶಿಪ್ ಸಿಗಲಿಲ್ಲ. ಹಣ ಕೊಟ್ಟರೆ ಪ್ರಮಾಣಪತ್ರ, ಪ್ರಾಜೆಕ್ಟ್ ರಿಪೋರ್ಟ್ ಎರಡೂ ಕೊಡುವವರಿದ್ದಾರೆ. ತೆಗೆದುಕೊಳ್ಳಲೇ?

ಬೇಡವೇ ಬೇಡ. ಅದು ವಂಚನೆ, ಅದನ್ನು ಮಾರುವವರು ನಿಮ್ಮ ಭವಿಷ್ಯ ಅಡವಿಟ್ಟು ದುಡ್ಡು ಮಾಡುತ್ತಾರೆ. ಹಿನ್ನೆಲೆ ಪರಿಶೀಲನೆ ಮಾಡುವವರು ಪತ್ರ ಕೊಟ್ಟವರನ್ನೇ ಕೇಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ. ಪರಿಚಯದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ನಾಲ್ಕು ವಾರ ಸಂಬಳವಿಲ್ಲದೆ ಕೂತು, ಆ ನಾಲ್ಕು ವಾರವನ್ನಷ್ಟೇ ಬರೆಯಿರಿ.

ಪ್ರಶ್ನೆ: 14 ಆನ್‌ಲೈನ್ ಕೋರ್ಸ್ ಮುಗಿಸಿದ್ದೇನೆ. ಎಲ್ಲ ಹಾಕಲೇ?

ಎರಡು ಹಾಕಿ, ಕೊಟ್ಟ ಬ್ಯಾಲೆನ್ಸ್ ಶೀಟನ್ನು ಎದುರಿಗೇ ಕೂತು ಬಿಡಿಸಲು ನೆರವಾಗುವಂಥವನ್ನು.

ಪ್ರಶ್ನೆ: ಬಿ.ಇ.ಯಲ್ಲಿ ಎರಡು ವಿಷಯ ಫೇಲಾಗಿ ಮತ್ತೆ ಕಟ್ಟಿ ಪಾಸಾದೆ. ಮುಚ್ಚಿಡಬಹುದೇ?

ರೆಸ್ಯೂಮೆಯಲ್ಲಿ ಬರೆಯಬೇಕಿಲ್ಲ, ಆದರೆ ಅರ್ಜಿ ನಮೂನೆಯಲ್ಲಿ ಕೇಳಿದ್ದರೆ ಇದ್ದದ್ದು ಇದ್ದಂತೆ ತುಂಬಿ. ಮಾರ್ಕ್ಸ್ ಕಾರ್ಡ್ ಹೇಗೂ ಅವರ ಕೈಸೇರುತ್ತದೆ.