ಬಹುಮತಕ್ಕೆ ಹೇಸಿಗೆ ಅನಿಸಿದರೆ ಸಾಕೇ?

“ಸಂಪಾದಕರೇ, ಕೋರ್ಟುಗಳು ಮಾತೆತ್ತಿದರೆ ಸಾಂವಿಧಾನಿಕ ನೈತಿಕತೆ ಅನ್ನುತ್ತವೆ. ಅದು ಸಂವಿಧಾನದ ಯಾವ ವಿಧಿಯಲ್ಲಿದೆ, ತೋರಿಸಿ. ಕೋಟ್ಯಂತರ ಜನ ತಪ್ಪು ಅಂತ ನಂಬಿದ್ದನ್ನು ದಿಲ್ಲಿಯಲ್ಲಿ ಕೂತ ಐದು ಜನ ಸರಿ ಅಂದುಬಿಟ್ಟರೆ ಅದು ಪ್ರಜಾಪ್ರಭುತ್ವ ಹೇಗಾಗುತ್ತದೆ?”
— ನಿವೃತ್ತ ಹೈಸ್ಕೂಲ್ ಶಿಕ್ಷಕ, ಗದಗ

ಮಾಸ್ತರರೇ, ಯಾವ ವಿಧಿಯಲ್ಲೂ ಇಲ್ಲ. ಅಷ್ಟರ ಮಟ್ಟಿಗೆ ನೀವು ಗೆದ್ದಿರಿ.

ಆ ಮಾತು ಬಂದದ್ದು ಸಂವಿಧಾನ ಸಭೆಯಲ್ಲಿ. 1948ರ ನವೆಂಬರ್ 4ರಂದು ಅಂಬೇಡ್ಕರ್ ಕರಡನ್ನು ಸಭೆಯ ಮುಂದಿಟ್ಟರು. ಆಡಳಿತದ ಸಣ್ಣಪುಟ್ಟ ವಿವರಗಳನ್ನೆಲ್ಲ ಸಂವಿಧಾನದಲ್ಲಿ ಯಾಕೆ ತುಂಬಿದ್ದೀರಿ ಅನ್ನೋ ತಕರಾರು ಇತ್ತು. ಅದಕ್ಕೆ ಅವರು ಗ್ರೀಸಿನ ಇತಿಹಾಸ ಬರೆದ ಗ್ರೋಟ್‌ನ ಮಾತು ಎತ್ತಿಕೊಂಡು, ಸಾಂವಿಧಾನಿಕ ನೈತಿಕತೆ ಹುಟ್ಟಿನಿಂದ ಬರುವುದಿಲ್ಲ, ಬೆಳೆಸಿಕೊಳ್ಳಬೇಕು, ನಮ್ಮ ಜನ ಅದನ್ನಿನ್ನೂ ಕಲಿಯಬೇಕಿದೆ ಅಂದರು. ಅಂದರೆ ಅವರ ಚಿಂತೆ ಇದ್ದದ್ದು ಅಧಿಕಾರದಲ್ಲಿ ಕೂತವರು ಸಂವಿಧಾನವನ್ನು ಕೆಡಿಸಿಬಿಟ್ಟರೆ ಅಂತ. ಹಕ್ಕಿನ ಕೇಸುಗಳಿಗೆ ಆ ಮಾತನ್ನು ಹಿಗ್ಗಿಸಿದ್ದು ಕೋರ್ಟುಗಳೇ. ಇದನ್ನೂ ಒಪ್ಪುತ್ತೇನೆ. ಇನ್ನು ಮುಂದೆ ನಿಮ್ಮ ಜೊತೆ ಬರೋದು ಕಷ್ಟ.

ಯಾಕೆ ಹಿಗ್ಗಿಸಿದರು ಅನ್ನೋದಕ್ಕೆ ದಂಡ ಸಂಹಿತೆಯ 377ನೇ ಕಲಮಿನ ಕಥೆ ನೋಡಿ. 1860ರ ಇಂಗ್ಲಿಷರ ಕಾನೂನು. ‘ಪ್ರಕೃತಿಗೆ ವಿರುದ್ಧ’ವಾದ ಸಂಭೋಗಕ್ಕೆ, ಅಂದರೆ ಮುಖ್ಯವಾಗಿ ಸಲಿಂಗ ಸಂಬಂಧಕ್ಕೆ, ಜೀವಾವಧಿಯವರೆಗೂ ಶಿಕ್ಷೆ, ಇಬ್ಬರೂ ವಯಸ್ಕರು, ಇಬ್ಬರಿಗೂ ಒಪ್ಪಿಗೆ ಇತ್ತು ಅಂದರೂ ಅಷ್ಟೇ. ದಿಲ್ಲಿ ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದಾಗ ಒಂದು ತಮಾಷೆ ನಡೆಯಿತು. ಕೇಂದ್ರ ಸರ್ಕಾರವೇ ಎರಡು ಬಾಯಲ್ಲಿ ಮಾತಾಡಿತು. ಗೃಹ ಇಲಾಖೆ ಭಾರತೀಯ ಸಮಾಜ ಇದನ್ನು ಒಪ್ಪುವುದಿಲ್ಲ, ಕಲಮು ಇರಲಿ ಅಂದಿತು. ಆರೋಗ್ಯ ಇಲಾಖೆಯ ಏಡ್ಸ್ ನಿಯಂತ್ರಣ ಸಂಸ್ಥೆ ಮಾತ್ರ, ಈ ಕಲಮಿನ ಹೆದರಿಕೆಗೆ ಜನ ಅಡಗಿಕೊಳ್ಳುತ್ತಾರೆ, ನಮ್ಮ ಕೆಲಸಕ್ಕೆ ಇದೇ ಅಡ್ಡಿ ಅಂದಿತು.

ಈಗ ಕೋರ್ಟಿನ ಮುಂದೆ ಬಂದ ಪ್ರಶ್ನೆ ನೋಡಿ, ಬಹಳ ಸಣ್ಣದು. ಒಬ್ಬನ ಸ್ವಾತಂತ್ರ್ಯ ಕಸಿಯಬೇಕಾದರೆ ಸರ್ಕಾರ ಕಾರಣ ಕೊಡಬೇಕು. ‘ಉಳಿದವರಿಗೆ ಹೇಸಿಗೆ ಆಗುತ್ತದೆ’ ಅನ್ನೋದು ಕಾರಣ ಆಗುತ್ತದೆಯೇ? 2009ರ ಜುಲೈ 2ರಂದು ನ್ಯಾಯಮೂರ್ತಿಗಳಾದ ಎ.ಪಿ. ಶಾ ಮತ್ತು ಮುರಳೀಧರ್ ಇಲ್ಲ ಅಂದರು. ನೈತಿಕತೆಯ ಹೆಸರಿನಲ್ಲಿ ಹಕ್ಕಿಗೆ ಕಡಿವಾಣ ಹಾಕುವುದೇ ಆದರೆ ಅದು ಸಂವಿಧಾನದ ನೈತಿಕತೆ ಆಗಿರಬೇಕು, ಜನಪ್ರಿಯ ನೈತಿಕತೆ ಸಾಲದು ಅಂದರು. ಕೋರ್ಟುಗಳು ಆ ಮಾತನ್ನು ಬಳಸುವ ಜಾಗ ಮುಖ್ಯವಾಗಿ ಇದೇ, ಮಾಸ್ತರರೇ. ಜನರ ನಂಬಿಕೆ ತಪ್ಪು ಅಂತ ತೀರ್ಪು ಕೊಡೋದಕ್ಕಲ್ಲ. ಆ ನಂಬಿಕೆ ಒಂದರ ಮೇಲೇ ಇನ್ನೊಬ್ಬನನ್ನು ಜೈಲಿಗೆ ಹಾಕಬೇಡಿ ಅನ್ನೋದಕ್ಕೆ. ನಿಮಗೆ ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲದೆ ಇರಿ, ಯಾರೂ ಬೇಡ ಅನ್ನುವುದಿಲ್ಲ.

ನೀವು ಹೇಳೋ ಹಾಗೆ ತಲೆ ಎಣಿಸಿದರೆ ಏನಾಗುತ್ತದೆ ಅನ್ನೋದನ್ನೂ ನಾವು ನೋಡಿದ್ದೇವೆ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪನ್ನು ಕಿತ್ತುಹಾಕಿದರು. ಸಲಿಂಗಿಗಳಂಥವರು ಜನಸಂಖ್ಯೆಯಲ್ಲಿ ಅತ್ಯಲ್ಪ ಭಾಗ, 150ಕ್ಕೂ ಜಾಸ್ತಿ ವರ್ಷಗಳಲ್ಲಿ ವರದಿಯಾದ ಕೇಸುಗಳಲ್ಲಿ ಶಿಕ್ಷಾ ಕ್ರಮಕ್ಕೆ ಗುರಿಯಾದವರು 200ಕ್ಕಿಂತ ಕಡಿಮೆ ಅನ್ನೋದು ಅವರ ವಾದದ ಒಂದು ಭಾಗ. ಕೇಸು ಆಗದೆಯೂ ಠಾಣೆಯ ಮೂಲೆಯಲ್ಲಿ ‘ಮನೆಯವರಿಗೆ ಹೇಳಲಾ?’ ಅಂದರೆ ಸಾಕು ಕಿಸೆ ಖಾಲಿಯಾಗುತ್ತದೆ. ಆ ಲೆಕ್ಕ ಯಾವ ವರದಿಯಲ್ಲೂ ಬರೋದಿಲ್ಲ. ಮೂಲಭೂತ ಹಕ್ಕು ಇರೋದೇ ಸಂಖ್ಯೆ ಇಲ್ಲದವರಿಗೆ. ಸಂಖ್ಯೆ ಇದ್ದವರಿಗೆ ವಿಧಾನಸಭೆ ಇದೆಯಲ್ಲ!

2018ರ ಸೆಪ್ಟೆಂಬರ್ 6ರಂದು ಐದು ಜನರ ಪೀಠ ಒಮ್ಮತದಿಂದ 2013ರದ್ದನ್ನು ತಿರುಗಿಸಿತು. ಧಾರವಾಡ ಕೋರ್ಟಿನ ಹತ್ತಿರ ಚಹಾ ಕುಡಿಯುವಾಗ ವಕೀಲ ಮಿತ್ರರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ತೀರ್ಪಿನಲ್ಲಿ ‘ಸಾಂವಿಧಾನಿಕ ನೈತಿಕತೆ’ ಎಂದಿರುವಲ್ಲೆಲ್ಲ ಪೆನ್ಸಿಲ್‌ನಿಂದ ಗೀಟು ಹೊಡೆಯಿರಿ, ಆಮೇಲೂ ತೀರ್ಪು ನಿಲ್ಲುತ್ತಾ ನೋಡಿ ಅಂತ. 377ರ ತೀರ್ಪು ನಿಲ್ಲುತ್ತದೆ. ಸಮಾನತೆಯ 14, ಲಿಂಗ ತಾರತಮ್ಯ ಬೇಡ ಅನ್ನುವ 15, ಅಭಿವ್ಯಕ್ತಿಯ 19, ಜೀವ ಮತ್ತು ಸ್ವಾತಂತ್ರ್ಯದ 21, ಈ ವಿಧಿಗಳೇ ಭಾರ ಹೊತ್ತಿವೆ. ಅದಕ್ಕೂ ಒಂದು ವರ್ಷ ಮೊದಲು ಒಂಬತ್ತು ಜನರ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತ್ತು, ಅದೂ ಬೆನ್ನಿಗಿತ್ತು. ಗೀಟು ಹೊಡೆದ ಮೇಲೆ ಏನೂ ಉಳಿಯದಿದ್ದರೆ ಆಗ ನಿಮ್ಮ ಹಾಗೆ ನಾನೂ ಅನುಮಾನ ಪಡುತ್ತೇನೆ.

ಆ ಅನುಮಾನಕ್ಕೆ ಜಾಗ ಇಲ್ಲ ಅಂತ ಹೇಳಲಾರೆ. 377ರಲ್ಲಿ ಒಂದಾಗಿದ್ದ ಅದೇ ಐದು ಜನ, ಅದೇ ತಿಂಗಳು 28ರಂದು ಶಬರಿಮಲೆ ಕೇಸಿನಲ್ಲಿ ಒಡೆದರು. 25ನೇ ವಿಧಿ ಧರ್ಮದ ಸ್ವಾತಂತ್ರ್ಯವನ್ನು ‘ನೈತಿಕತೆ’ಗೆ ಒಳಪಡಿಸುತ್ತದೆ. ಅದು ಸಾಂವಿಧಾನಿಕ ನೈತಿಕತೆಯೇ ಅಂತ ಓದಿ, ಬಹುಮತದವರು 10ರಿಂದ 50 ವರ್ಷದ ಹೆಂಗಸರಿಗೆ ಬಾಗಿಲು ತೆರೆದರು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಒಬ್ಬರೇ ಭಿನ್ನವಾಗಿ ಬರೆದರು. ಅವರೂ ಅದೇ ಮಾತನ್ನೇ ಹಿಡಿದರು. ಎಲ್ಲ ಪಂಥಗಳಿಗೂ ತಮ್ಮ ನಂಬಿಕೆಯಂತೆ ನಡೆಯಲು ಬಿಡೋದೇ ಸಾಂವಿಧಾನಿಕ ನೈತಿಕತೆ ಅಂದರು. 377ರಲ್ಲಿ ಎದುರಿಗಿದ್ದದ್ದು ಬರೀ ಅಸಮ್ಮತಿ. ಇಲ್ಲಿ ಎರಡೂ ಕಡೆ ಹಕ್ಕು ಇತ್ತು. ಹಕ್ಕಿಗೆ ಹಕ್ಕು ಎದುರಾದಾಗ ಈ ಮಾತು ಒಂದೇ ದಾರಿ ತೋರಿಸುವುದಿಲ್ಲ. 2019ರಲ್ಲಿ ಮರುಪರಿಶೀಲನೆಗೆ ಬಂದಾಗ ಮೂರಕ್ಕೆ ಎರಡರಂತೆ ಒಡೆದು ದೊಡ್ಡ ಪ್ರಶ್ನೆಗಳನ್ನು ದೊಡ್ಡ ಪೀಠಕ್ಕೆ ಕಳಿಸಿದ್ದು ಸುಮ್ನೆ ಅಲ್ಲ.

ಇನ್ನು ‘ಕೋಟ್ಯಂತರ ಜನರ ನಂಬಿಕೆ’. ಅದು ಒಂದೇ ಅಂತ ಹೇಗೆ ಅಂದುಕೊಂಡಿರಿ? ನಮ್ಮ ಓಣಿಗೆ ಮಂಗಳವಾರ ಜೋಗಪ್ಪ ಬರುತ್ತಾರೆ. ಸೀರೆ, ಕುತ್ತಿಗೆಯಲ್ಲಿ ಮುತ್ತು, ತಲೆ ಮೇಲೆ ಎಲ್ಲಮ್ಮನ ಜಗ, ಹಿಂದೆ ಒಬ್ಬರು ಚೌಡಿಕೆ ನುಡಿಸುತ್ತಾರೆ. ಮೊರದಲ್ಲಿ ಜೋಳ ತಂದು ಹಾಕಿ, ಹಣೆಗೆ ಭಂಡಾರ ಹಚ್ಚಿಸಿಕೊಂಡು, ಹೊಸ ಸೊಸೆಯನ್ನು ಕರೆದು ಕಾಲಿಗೆ ಬೀಳಿಸುತ್ತಾರೆ. ಅದೇ ಜೋಗಪ್ಪ ಅದೇ ಓಣಿಯಲ್ಲಿ ಬಾಡಿಗೆಗೆ ಒಂದು ಖೋಲಿ ಕೇಳಿದರೆ ‘ಖಾಲಿ ಇಲ್ರೀ’. ಇದರಲ್ಲಿ ಯಾವುದನ್ನು ಜನರ ನೈತಿಕತೆ ಅಂತ ಬರೆದುಕೊಳ್ಳೋಣ, ಮಾಸ್ತರರೇ? ಕಾಲಿಗೆ ಬಿದ್ದದ್ದನ್ನೋ, ಬಾಗಿಲು ಹಾಕಿದ್ದನ್ನೋ?

ನನ್ನ ಸಿಟ್ಟು ಇರೋದು ಬೇರೆ ಕಡೆ. ಕೋರ್ಟು ಜನರ ಮೇಲೆ ಹೇರುತ್ತದೆ ಅಂತೀರಿ, ಅದು ಜನರ ತನಕ ತಲುಪಿದರೆ ತಾನೇ ಹೇರೋದು! 377ರ 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ನಾರಿಮನ್ ಸ್ಪಷ್ಟವಾಗಿ ಬರೆದರು. ಕೇಂದ್ರ ಸರ್ಕಾರ ಈ ತೀರ್ಪಿಗೆ ಟಿವಿ, ರೇಡಿಯೋ, ಪತ್ರಿಕೆಗಳಲ್ಲಿ ಆಗಾಗ ಪ್ರಚಾರ ಕೊಡಬೇಕು, ಅಧಿಕಾರಿಗಳಿಗೆ, ಅದರಲ್ಲೂ ಪೊಲೀಸರಿಗೆ ತಿಳಿವಳಿಕೆ ಕೊಡಬೇಕು ಅಂತ. ಧಾರವಾಡ ಆಕಾಶವಾಣಿ ದಿನಾ ಹಚ್ಚಿಕೊಂಡೇ ಕೆಲಸ ಮಾಡುವವನು ನಾನು. ಬಿತ್ತನೆ ಬೀಜದ ಸಲಹೆ ಕೇಳಿದ್ದೇನೆ, ಇದನ್ನು ಮಾತ್ರ ಕೇಳಿಲ್ಲ.

ಮದುವೆಯ ವಿಷಯಕ್ಕೂ ಇದೇ ಹಣೆಬರಹ. ವಿಶೇಷ ವಿವಾಹ ಕಾಯ್ದೆಯಡಿ ಜಾತಿ ಬಿಟ್ಟು ಮದುವೆಯಾಗಲು ಹೊರಟ ಹುಡುಗ ಹುಡುಗಿಯ ನೋಟಿಸು ಕಚೇರಿಯಲ್ಲಿ 30 ದಿನ ಎಲ್ಲರಿಗೂ ಕಾಣುವಂತೆ ಇರುತ್ತದೆ. ವಯಸ್ಸು, ಬದುಕಿರುವ ಗಂಡ ಅಥವಾ ಹೆಂಡತಿ, ನಿಷಿದ್ಧ ಸಂಬಂಧ, ಮಾನಸಿಕ ಸ್ಥಿತಿ, ಇಂಥ ಕಾರಣಕ್ಕೆ ಮಾತ್ರ ಆಕ್ಷೇಪಣೆ ನಡೆಯುತ್ತದೆ. ಅಪ್ಪನಿಗೆ ಒಪ್ಪಿಗೆ ಇಲ್ಲ ಅನ್ನೋದು ಆಕ್ಷೇಪಣೆಯೇ ಅಲ್ಲ. ಆದರೆ ಬೋರ್ಡಿನ ಮೇಲಿನ ಹೆಸರು ಓದಿ ಫೋಟೋ ತೆಗೆದು ಊರಿಗೆ ಕಳಿಸೋದಕ್ಕೆ ಯಾವ ಕಾರಣವೂ ಬೇಕಿಲ್ಲ. ಪ್ರಾಪ್ತ ವಯಸ್ಕರ ಮದುವೆಗೆ ಅಡ್ಡ ಬರುವ ಪಂಚಾಯ್ತಿಕೆಗಳು ಕಾನೂನುಬಾಹಿರ ಅಂತ 2018ರ ಮಾರ್ಚಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಇಂಥ ಜೋಡಿಗಳಿಗೆ ರಕ್ಷಣೆ ಕೊಡಿ ಅಂತ ಪೊಲೀಸರಿಗೂ ಹೇಳಿದೆ. ಅದನ್ನು ಹಿಡಿದು ಠಾಣೆಗೆ ಹೋದ ಜೋಡಿಗೆ ಮೊದಲು ಸಿಗೋದು, ‘ಮನೆಯವರನ್ನ ಕರಸ್ತೀವಿ, ಕೂತು ಮಾತಾಡ್ರಿ’ ಅನ್ನುವ ಉಪದೇಶ.

ಮೂವತ್ತು ವರ್ಷ ಪಾಠ ಹೇಳಿದ ಕೈಯಿಂದ ಬಂದ ಪತ್ರ ಇದು, ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಹಾಗಾಗಿ ಒಂದು ಕೆಲಸ ಹಚ್ಚುತ್ತೇನೆ. ಶಬರಿಮಲೆಯಲ್ಲಿ ಮಲ್ಹೋತ್ರಾ ಬರೆದದ್ದನ್ನು ಪೂರ್ತಿ ಓದಿ ಅವರ ಪರವಾಗಿ ಬರೆಯಿರಿ, ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ. ಎರಡು ಪುಟ ಮೀರದಿರಲಿ.