ಬರಹಗಾರರಿಗೆ ಸಲಹೆ: ‘ಇಂದು ರಾತ್ರಿ’ಗೆ ಒಂದೇ ರಾತ್ರಿಯ ಆಯುಸ್ಸು

“ಸಂಪಾದಕರೇ, ಯೂಟ್ಯೂಬ್ ನೇರಪ್ರಸಾರಕ್ಕೆ ಶೀರ್ಷಿಕೆ ಕೊಡುವ ಬಗ್ಗೆ ಲೇಖನ ಕಳಿಸಿದ್ದೇನೆ. ಶಿರಸಿಯ ಆಟದ ಪ್ರಸಾರಕ್ಕೆ ‘🔴 ಲೈವ್ | ಇಂದು ರಾತ್ರಿ 9ಕ್ಕೆ ಅದ್ಧೂರಿ ಯಕ್ಷಗಾನ | ತಪ್ಪದೇ ನೋಡಿ’ ಎಂಬ ಮಾದರಿ ಕೊಟ್ಟಿದ್ದೇನೆ. ಮುಗಿದ ಮೇಲೆ ಬದಲಿಸಿಕೊಂಡರಾಯಿತು ಎಂದೂ ಬರೆದಿದ್ದೇನೆ. ಪ್ರಕಟಿಸಬಹುದೇ?” – ಕುಮಟಾದಿಂದ ಒಬ್ಬರು

ಈಗಿರುವಂತೆ ಬೇಡ. ಭಾಷೆ ಚೆನ್ನಾಗಿದೆ, ಮಾದರಿಯೇ ತಪ್ಪಿದೆ. ಅದರಲ್ಲಿ ಪ್ರಸಂಗದ ಹೆಸರೇ ಇಲ್ಲವಲ್ಲ! ಆರು ತಿಂಗಳಾದ ಮೇಲೆ ಹುಡುಕುವವರು ‘ಇಂದು ರಾತ್ರಿ’ ಎಂದು ಟೈಪ್ ಮಾಡುವುದಿಲ್ಲ, ‘ಗದಾಯುದ್ಧ ಯಕ್ಷಗಾನ’ ಎಂದು ಮಾಡುತ್ತಾರೆ. ಲೈವ್ ಎಂಬ ಗುರುತನ್ನು ಯೂಟ್ಯೂಬ್ ತಾನೇ ಹಾಕುತ್ತದೆ, ಮುಗಿದ ಮೇಲೆ ತಾನೇ ತೆಗೆದು ಪ್ರಸಾರವಾದ ದಿನಾಂಕ ತೋರಿಸುತ್ತದೆ. ಪ್ರೀಮಿಯರ್‌ಗೂ ಹಾಗೆಯೇ. ನೀವು ಕೈಯಾರೆ ಬರೆದ ‘ಲೈವ್’ ಮಾತ್ರ ತಾನಾಗಿ ಹೋಗುವುದಿಲ್ಲ. ಮಾರನೇ ದಿನ ಅದನ್ನು ನಂಬಿ ಒತ್ತಿದವರು ರೆಕಾರ್ಡಿಂಗ್ ಕಂಡು ವಾಪಸಾಗುತ್ತಾರೆ.

ಇದೇ ಆಟಕ್ಕೆ, ಪ್ರಸಂಗ ಗದಾಯುದ್ಧ ಎಂದಿಟ್ಟುಕೊಂಡರೆ, ಮೊದಲ ದಿನದಿಂದಲೇ ಹೀಗಿಡಬಹುದು:

```
ಗದಾಯುದ್ಧ | ಬಡಗುತಿಟ್ಟು ಯಕ್ಷಗಾನ | ಶಿರಸಿ 2025 | Gadayuddha Yakshagana Sirsi
```

ಫೋನಿನಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ, ಆದ್ದರಿಂದ ಪ್ರಸಂಗ ಮುಂದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕುವವರು ನಮ್ಮಲ್ಲಿ ಬಹಳ, ಕೊನೆಯ ತುಂಡು ಅವರಿಗೆ. ಮಿತಿ 100 ಅಕ್ಷರ. ಆದರೆ ಎಣಿಕೆ ನಮ್ಮ ಕಣ್ಣಿನ ಲೆಕ್ಕದಲ್ಲಿ ನಡೆಯುವುದಿಲ್ಲ: ಒತ್ತು, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ. ‘ಶ್ರೀ’ ಒಂದೇ ನಾಲ್ಕು ಅಕ್ಷರ ತಿನ್ನುತ್ತದೆ. ಮೇಲಿನ ಶೀರ್ಷಿಕೆಗೆ 72 ಆಯಿತು. ಉಳಿದದ್ದರಲ್ಲಿ ಮುಖ್ಯ ವೇಷಧಾರಿಯ ಹೆಸರು ಸೇರಿಸಿ, ‘ಅದ್ಧೂರಿ’ಯನ್ನಲ್ಲ. ರಾತ್ರಿ 9ರ ಸಮಯ ಥಂಬ್‌ನೇಲ್‌ನಲ್ಲಿರಲಿ. ಮರುದಿನ ಚಿತ್ರ ಬದಲಿಸಿದರೆ ಸಾಕು.

‘ಮುಗಿದ ಮೇಲೆ ಬದಲಿಸಿಕೊಂಡರಾಯಿತು’ ಎಂಬ ಸಾಲನ್ನೂ ತಿದ್ದಿ. ಬದಲಿಸಬಹುದು, ನಿಜ: ಸ್ಟುಡಿಯೋದಲ್ಲಿ ಕಂಟೆಂಟ್, ಅಲ್ಲಿ ಲೈವ್ ವಿಭಾಗ, ವಿಡಿಯೋದ ವಿವರಗಳು, ಶೀರ್ಷಿಕೆ ತಿದ್ದಿ ಸೇವ್. ಲಿಂಕ್ ಹಾಗೇ ಇರುತ್ತದೆ. ಆದರೆ ಊರಿನ ವಾಟ್ಸಾಪ್ ಗುಂಪುಗಳಿಗೆ ಆಗಲೇ ಹೋದ ಲಿಂಕಿನ ಕೆಳಗೆ ಹಳೆಯ ಶೀರ್ಷಿಕೆಯೇ ಉಳಿಯುತ್ತದೆ, ಅದನ್ನು ನೀವು ತಿದ್ದಲಾರಿರಿ. ರಾತ್ರಿಯಿಡೀ ಕ್ಯಾಮೆರಾ ಹಿಡಿದವರು ಬೆಳಿಗ್ಗೆ ಎದ್ದು ಇದನ್ನು ಮಾಡುತ್ತಾರೆಂಬ ಭರವಸೆಯೂ ನನಗಿಲ್ಲ.

ನಿಮ್ಮ ಲೇಖನದಲ್ಲಿ ಇಲ್ಲದ, ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಹಳೆಯ ಪ್ರಸಾರದ ಸೆಟ್ಟಿಂಗ್ ಮರುಬಳಸಿ ಹೊಸದನ್ನು ನಿಗದಿ ಮಾಡಿದರೆ ಹಳೆಯ ಶೀರ್ಷಿಕೆ, ವಿವರಣೆ ಎರಡೂ ಹಾಗೇ ಬರುತ್ತವೆ. ನಿನ್ನೆಯ ಗದಾಯುದ್ಧದ ಹೆಸರಲ್ಲಿ ಇವತ್ತಿನ ಲಂಕಾದಹನ ಓಡುತ್ತದೆ. ‘ಗೋ ಲೈವ್’ ಒತ್ತುವ ಮುಂಚೆ ಪ್ರಸಂಗ, ಊರು, ಇಸವಿ ಈ ಮೂರನ್ನು ಗಟ್ಟಿಯಾಗಿ ಓದಿಕೊಳ್ಳಬೇಕು. ಇದನ್ನು ಸೇರಿಸಿ, ಮಾದರಿ ಬದಲಿಸಿ ಮತ್ತೆ ಕಳಿಸಿ.