ಹಾಡಿನ ‘ಓ’ ಯಾವುದು, ಸಾಲು ತುಂಬಿಸುವ ‘ಓ’ ಯಾವುದು

ಪತ್ರ: ನನ್ನ ಕಡಲಿನ ಹಾಡಿನ ಎರಡು ಸಾಲು ಹೀಗಿವೆ: ‘ದೋಣಿಯ ದೀಪವು ಕಾಣದು ಓ ಓ / ಹೇ ಅಲೆಯೇ ನೀ ಕಂಡೆಯ ಹೇ ಹೇ’. ಓ, ಹೇ ಎಲ್ಲ ತೆಗೆಯಿರಿ, ಅವು ಬರೀ ಭರ್ತಿ ಎಂದು ಒಬ್ಬರು ಹೇಳುತ್ತಾರೆ. ತೆಗೆದರೆ ಹಾಡು ಒಣಗುತ್ತದೆ ಎಂದು ಹಾಡುವವಳು ಹೇಳುತ್ತಾಳೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಕಾರವಾರ

ಸಂಪಾದಕರ ಉತ್ತರ: ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ. ಮೊದಲು ಮಾತ್ರೆ ಎಣಿಸೋಣ. ದೋಣಿಯ, ದೀಪವು, ಕಾಣದು: ಮೂರೂ ನಾಲ್ಕು ನಾಲ್ಕು ಮಾತ್ರೆಯ ಗಣಗಳು. ನಾಲ್ಕನೆಯ ಗಣಕ್ಕೆ ನಿಮ್ಮಲ್ಲಿ ಪದ ಸಿಗಲಿಲ್ಲ, ಎರಡು ಗುರು ಬೇಕಿತ್ತು, ‘ಓ ಓ’ ಬಂತು. ಹಳೆಯ ಪಂಡಿತರು ಇದಕ್ಕೆ ಪಾದಪೂರಣ ಎನ್ನುತ್ತಿದ್ದರು. ಸಂಸ್ಕೃತ ಶ್ಲೋಕಗಳಲ್ಲಿ ಚ, ವೈ, ತು, ಹಿ ಮಾಡುವ ಕೆಲಸ ಎಷ್ಟೋ ಸಲ ಇಷ್ಟೇ.

ಅನುಮಾನವಿದ್ದರೆ ಅದಲು ಬದಲು ಮಾಡಿ ಹಾಡಿಸಿ ನೋಡಿ: ‘ಕಾಣದು ಹೇ ಹೇ’, ‘ಕಾಣದು ಆ ಆ’. ಯಾವುದನ್ನು ಹಾಕಿದರೂ ಸಾಲಿನ ಭಾವ ಕದಲದಿದ್ದರೆ ಅದು ಭರ್ತಿ. ಇಲ್ಲಿ ಕದಲುವುದಿಲ್ಲ.

ಆದರೆ ಹಾಡುವವರು ಕೇಳುತ್ತಿರುವುದು ಬೇರೆ. ಸಾಲಿನ ಕೊನೆಯಲ್ಲಿ ದನಿ ಎಳೆಯಲು ಅವರಿಗೊಂದು ದೀರ್ಘ ಸ್ವರ ಬೇಕು, ‘ಕಾಣದು’ ಎಂಬುದರ ಕೊನೆಯ ಹ್ರಸ್ವ ಉಕಾರದಲ್ಲಿ ಅದು ಸಿಗುವುದಿಲ್ಲ. ಹಾಗಾದರೆ ಆ ಓಕಾರವನ್ನು ಪದದ ಬಾಲದಲ್ಲೇ ತನ್ನಿ: ‘ದೋಣಿಯ ದೀಪವು ಕಾಣದು ಯಾಕೋ’. ಯಾ ಎರಡು, ಕೋ ಎರಡು, ಮಾತ್ರೆ ಸರಿಹೋಯಿತು. ಎಳೆಯುವ ಸ್ವರ ಅದೇ ಉಳಿಯಿತು, ದಂಡೆಯಲ್ಲಿ ಕಾಯುವವಳ ಕಳವಳವೂ ಬಂತು. ನಿಮ್ಮ ಧಾಟಿ ಅಲ್ಲಿ ಮೇಲಿನ ಸ್ಥಾಯಿಗೆ ಏರುವುದಾದರೆ ಒಂದು ತೊಡಕಿದೆ. ಓ ಎನ್ನಲು ತುಟಿ ದುಂಡಾಗಿ ಬಾಯಿ ಕಿರಿದಾಗುತ್ತದೆ, ಮೇಲಿನ ಸ್ವರದಲ್ಲಿ ದನಿ ಹಿಸುಕಿದಂತೆ ಕೇಳುತ್ತದೆ. ದವಡೆ ಇನ್ನಷ್ಟು ಇಳಿಸಿ ‘ಕೋ’ವನ್ನು ಆಕಾರದ ಕಡೆಗೆ ಸ್ವಲ್ಪ ತೆರೆದು ಹಾಡಲಿ.

ಎರಡನೆಯ ಸಾಲಿನ ಮೊದಲ ‘ಹೇ’ ಭರ್ತಿಯಲ್ಲ, ಅದು ಕರೆ. ನನ್ನ ತಕರಾರು ಅದರ ಬಣ್ಣದ ಬಗ್ಗೆ. ‘ಹೇ’ ಎಂದರೆ ಒಂದೋ ‘ಹೇ ಪ್ರಭು’ ನೆನಪಾಗುತ್ತದೆ, ಇಲ್ಲವೇ ಸಿನಿಮಾ. ನಮ್ಮ ಕಡೆ ಮನೆಯೊಳಗೆ ಕರೆಯುವುದು ‘ಏ ತಮಾ’, ‘ಏ ತಂಗಿ’ ಎಂದೇ. ಅಲೆ ಅವಳಿಗೆ ದಿನಾ ಕಾಣುವ ಗೆಳತಿಯಾದರೆ ‘ಏ ಅಲೆಯೇ’ ಸಾಕು. ಏ, ಅ ಎರಡು ಸ್ವರ ಒತ್ತೊತ್ತಿಗೆ ಬಂದು ನಡುವೆ ‘ಯ’ ನುಸುಳುತ್ತದೆ. ನುಸುಳಲಿ, ಮಾತಿನಲ್ಲೂ ಹಾಗೇ ಆಗುತ್ತದೆ.

ಕೊನೆಯ ‘ಹೇ ಹೇ’ ಮಾತ್ರ ಹೋಗಲೇಬೇಕು. ಹಕಾರಕ್ಕೆ ಗಂಟಲು ತೆರೆದು ಬರೀ ಗಾಳಿ ಹೊರಬೀಳುತ್ತದೆ. ಉಸಿರು ತುಂಬಿರುವ ಸಾಲಿನ ಆರಂಭದಲ್ಲಿ ಅದು ನಡೆಯುತ್ತದೆ. ಉಸಿರು ಮುಗಿಯುವ ಹೊತ್ತಿನಲ್ಲಿ ಎರಡು ಸಲ ಬಂದರೆ ಶ್ರುತಿ ಕೆಳಗೆ ಜಾರುತ್ತದೆ, ಮೈಕ್ ಬಾಯಿಗೆ ಹತ್ತಿರವಿದ್ದರೆ ಫುಸ್ ಫುಸ್ ಎನ್ನುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಎಂದರೆ, ಅವಳು ಪ್ರಶ್ನೆ ಕೇಳಿ ಉತ್ತರಕ್ಕೆ ಜಾಗವನ್ನೇ ಬಿಡುತ್ತಿಲ್ಲ. ‘ಏ ಅಲೆಯೇ ನೀ ಕಂಡೆಯ’ ಎಂದು ನಿಲ್ಲಿಸಿ ಆ ನಾಲ್ಕು ಮಾತ್ರೆ ಖಾಲಿ ಬಿಡಿ, ತಾಳ ಮಾತ್ರ ನಡೆಯಲಿ.

ಮೊದಲ ಸಾಲಿನಲ್ಲಿ ಹೊಡೆದುಹಾಕಿದ ‘ಓ’ವನ್ನು ಇಲ್ಲಿ ವಾಪಸು ತರಬಹುದು. ಕನ್ನಡದಲ್ಲಿ ಓ ಎಂಬುದು ಕರೆದವರಿಗೆ ಕೊಡುವ ಉತ್ತರ. ‘ಓಗೊಡು’ ಎನ್ನುವುದು ಅದಕ್ಕೇ. ಎರಡನೆಯ ಸಲ ಈ ಸಾಲು ಬಂದಾಗ, ಖಾಲಿ ಬಿಟ್ಟ ಜಾಗದಲ್ಲಿ ಬೇರೊಂದು ದನಿ, ಗಂಡು ದನಿಯಾದರೆ ಇನ್ನೂ ಒಳ್ಳೆಯದು, ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಒಂದೇ ಒಂದು ‘ಓ’ ಎನ್ನಲಿ, ನಾಲ್ಕೂ ಮಾತ್ರೆ ಎಳೆಯಲಿ. ದೂರದವರನ್ನು ಕೂಗುವಾಗ, ಹಾಡುವಾಗ ಸ್ವರ ಎರಡು ಮಾತ್ರೆ ಮೀರಿ ಬೆಳೆಯುತ್ತದೆ ಎಂದು ವ್ಯಾಕರಣವೇ ಪ್ಲುತವನ್ನು ಒಪ್ಪಿಕೊಂಡಿದೆ. ಈ ‘ಓ’ ಜಾಗದಲ್ಲಿ ‘ಹೇ’ ಹಾಕಿ ನೋಡಿ, ದೋಣಿಯೇ ಮುಳುಗಿಹೋಗುತ್ತದೆ. ಮೊದಲ ಸಲವೇ ಇದನ್ನು ಖರ್ಚು ಮಾಡಬೇಡಿ. ಮೌನ ಒಮ್ಮೆ ಕೇಳಿಸಿರಬೇಕು.

ದುಡಿಮೆಯ ಹಾಡುಗಳಿಗೆ ಈ ಲೆಕ್ಕವೆಲ್ಲ ಹಚ್ಚಬೇಡಿ. ಬಲೆ ಎಳೆಯುವವರ ‘ಐಲೇಸಾ’ಕ್ಕೆ ನಿಘಂಟಿನ ಅರ್ಥ ಹುಡುಕುವುದು ವ್ಯರ್ಥ. ಎಲ್ಲರ ಕೈ ಒಟ್ಟಿಗೆ ಹಗ್ಗಕ್ಕೆ ಬೀಳುವ ಪೆಟ್ಟು ಅದು, ತೆಗೆದರೆ ಬಲೆ ಬರುವುದಿಲ್ಲ. ನಿಮ್ಮ ಹಾಡಿಗೆ ಅಂಥ ಪಲ್ಲವಿ ಸೇರಿಸುವ ಆಲೋಚನೆಯಿದ್ದರೆ ಕೂಗನ್ನು ತಾಳದ ಪೆಟ್ಟಿನ ಮೇಲೆಯೇ ಕೂರಿಸಿ. ಅರ್ಧ ಮಾತ್ರೆ ತಡವಾದರೂ ಹಗ್ಗ ಸಡಿಲವಾದಂತೆ ಕೇಳುತ್ತದೆ.

ತಿದ್ದಿದ ಸಾಲುಗಳು:

ದೋಣಿಯ ದೀಪವು ಕಾಣದು ಯಾಕೋ
ಏ ಅಲೆಯೇ ನೀ ಕಂಡೆಯ — —

ಆ ಎರಡು ಗೆರೆಗಳನ್ನು ಹಾಡುವವರ ಪ್ರತಿಯಲ್ಲೂ ಬರೆದುಕೊಡಿ. ಇಲ್ಲದಿದ್ದರೆ ಅವರು ಅಭ್ಯಾಸಬಲದಿಂದ ‘ಹೇ ಹೇ’ ಎಂದೇ ಎನ್ನುತ್ತಾರೆ.